ಗಂಡ ಎಲ್ಲಿದ್ದಾನೋ ಗೊತ್ತಿಲ್ಲ, ಸಮನ್ಸ್ ಯಾರ ಕೈಗೆ ಕೊಡುವುದು?

ದೊಡ್ಡಗಾಜನೂರು ಎಂದರೆ ಹೊರಗಿನವರಿಗೆ ಡಾ.ರಾಜ್‌ಕುಮಾರ್ ಅವರ ಮನೆ ನೆನಪಾಗುತ್ತದೆ. ಕೋರ್ಟಿನಿಂದ ಹೊರಟ ಅಂಚೆ ಕವರಿಗೆ ಮಾತ್ರ ಇನ್ನೊಂದು ಗಾಜನೂರು ನೆನಪಾದರೂ ಆಯಿತು. ಶಿವಮೊಗ್ಗದ ಹತ್ತಿರ ತುಂಗಾ ಅಣೆಕಟ್ಟು ಇರುವ ಊರಿನ ಹೆಸರೂ ಗಾಜನೂರೇ. ಬೆಂಗಳೂರಿನಲ್ಲಿ ಕೂತ ಗಂಡ ವಿಚ್ಛೇದನದ ಅರ್ಜಿ ಹಾಕಿ, ಹೆಂಡತಿಯ ವಿಳಾಸ 'ಗಾಜನೂರು, ಕರ್ನಾಟಕ' ಎಂದಷ್ಟೇ ಬರೆಸಿದರೆ ಏನಾದೀತು ಯೋಚಿಸಿ. 'ಇಂಥವರು ಇಲ್ಲಿಲ್ಲ' ಎಂಬ ಷರಾ ಹೊತ್ತು ಕವರು ವಾಪಸ್. ಆಮೇಲೆ ಪೇಪರಿನಲ್ಲಿ ಒಂದು ಸಣ್ಣ ಪ್ರಕಟಣೆ. ಅದಾದ ಮೇಲೆ ಏಕಪಕ್ಷೀಯ ಡಿಕ್ರಿ. ತಾಳವಾಡಿ ಫಿರ್ಕಾದಲ್ಲಿ ತವರು ಮನೆಯಲ್ಲಿರುವ ಹೆಣ್ಣುಮಗಳಿಗೆ ತನಗೆ ವಿಚ್ಛೇದನ ಆಗಿರುವುದೇ ಗೊತ್ತಾಗುವುದಿಲ್ಲ.

ಇದಕ್ಕೆ ತಿರುಗಾಮುರುಗಾ ಕಥೆಯೂ ಉಂಟು. ಬಿಟ್ಟುಹೋದ ಗಂಡನ ಮೇಲೆ ಕೇಸು ಹಾಕಿದ ಹೆಂಡತಿ ಸಮನ್ಸ್ ಜಾರಿಯಾಗದೆ ವರ್ಷಗಟ್ಟಲೆ ದಿಂಬಂ ಘಾಟಿಯ 27 ತಿರುವು ಇಳಿದು ಹತ್ತುತ್ತಲೇ ಇರುತ್ತಾಳೆ. ಪ್ರತಿ ವಾಯಿದೆಗೂ ಒಂದೇ ಮಾತು, 'ನೋಟಿಸ್ ಜಾರಿಯಾಗಿಲ್ಲ, ಮುಂದಿನ ತಾರೀಕು'. ಗಡಿ ಹಳ್ಳಿಗಳಲ್ಲಿ ಮದುವೆ ಸಂಬಂಧ ಒಂದು ರಾಜ್ಯದಲ್ಲಿ, ತವರು ಇನ್ನೊಂದರಲ್ಲಿ, ಸಂಸಾರ ಮೂರನೆಯ ಕಡೆ ಇರುವುದು ಸಾಮಾನ್ಯ. ಹಾಗಾಗಿ ಈ ಸಮನ್ಸ್ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಲವರದ್ದನ್ನು ಸೇರಿಸಿದ್ದು. ದೊಡ್ಡಗಾಜನೂರಿನ ಹುಡುಗಿಯನ್ನು ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟರು. ಗಂಡನಿಗೆ ಬೆಂಗಳೂರಿನ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ, ಅಲ್ಲೇ ಬಾಡಿಗೆ ಮನೆ. 2021ರಲ್ಲಿ ಆತ ಹೇಳದೆ ಕೇಳದೆ ಹೋದ. ಫೋನು ಸ್ವಿಚ್ ಆಫ್. ಆಕೆ ಮಗುವನ್ನು ಕಟ್ಟಿಕೊಂಡು ತವರಿಗೆ ಬಂದಳು. ಎರಡು ವರ್ಷ ಕಳೆದ ಮೇಲೆ ಪರಿತ್ಯಾಗದ ಕಾರಣ ಕೊಟ್ಟು ವಿಚ್ಛೇದನ ಕೇಳಬೇಕೆಂದು ತೀರ್ಮಾನಿಸಿದಳು.

ಮೊದಲ ಪ್ರಶ್ನೆ, ಕೇಸು ಎಲ್ಲಿ ಹಾಕುವುದು? ಬೆಂಗಳೂರಿಗೆ ಓಡಬೇಕಿಲ್ಲ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿಗೆ 2003ರಲ್ಲಿ ತಿದ್ದುಪಡಿಯಾಗಿ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ವಾಸವಿರುವ ಕಡೆಯೇ ಹಾಕಬಹುದು ಎಂದಾಗಿದೆ. ಹಾಗಾಗಿ ಈರೋಡ್ ಜಿಲ್ಲೆಯ ಕೋರ್ಟೇ ಸಾಕು. ತಮಿಳುನಾಡಿನಲ್ಲಿ ಈ ಕೇಸಿಗೆ ಎಚ್.ಎಂ.ಒ.ಪಿ. ಎಂಬ ನಂಬರು ಬೀಳುತ್ತದೆ, ಗಡಿಯಾಚೆ ಕರ್ನಾಟಕದಲ್ಲಾದರೆ ಎಂ.ಸಿ. ಎನ್ನುತ್ತಾರೆ. ಈ ಸೌಲಭ್ಯ ಗಂಡನಿಗೆ ಇದೇ ರೀತಿ ಇಲ್ಲ. ಆದರೆ ಎದುರುಪಕ್ಷದವರು ಭಾರತದಿಂದ ಹೊರಗಿದ್ದರೆ ಅಥವಾ ಏಳು ವರ್ಷದಿಂದ ಬದುಕಿರುವ ಸುದ್ದಿಯೇ ಇಲ್ಲದಿದ್ದರೆ ಅರ್ಜಿದಾರರು ಗಂಡಾಗಲಿ ಹೆಣ್ಣಾಗಲಿ ತಾವಿರುವ ಕಡೆ ಹಾಕಬಹುದು.

ಎರಡನೆಯದು ವಿಳಾಸ. ಇಲ್ಲೇ ಹೆಚ್ಚಿನವರು ಎಡವುವುದು. 'ಆತ ಎಲ್ಲಿದ್ದಾನೋ ಗೊತ್ತಿಲ್ಲ, ಯಾವ ವಿಳಾಸ ಬರೆಸಲಿ' ಎಂದು ಗಂಡನ ಅಪ್ಪನ ಮನೆಯ ವಿಳಾಸ ಒಂದನ್ನೇ ಬರೆಸಿಬಿಡುತ್ತಾರೆ. ಗೊತ್ತಿರುವ ಎಲ್ಲ ವಿಳಾಸವನ್ನೂ ಬರೆಸಬೇಕು. ನಮ್ಮ ಉದಾಹರಣೆಯಲ್ಲಿ ಮೂರಿವೆ. ಪೀಣ್ಯದ ಬಾಡಿಗೆ ಮನೆ, ಕೆಲಸವಿದ್ದ ಫ್ಯಾಕ್ಟರಿ, ಚಾಮರಾಜನಗರ ತಾಲ್ಲೂಕಿನ ಅತ್ತೆ ಮನೆ. ಊರು, ಅಂಚೆ ಕಚೇರಿ, ತಾಲ್ಲೂಕು, ಜಿಲ್ಲೆ, ರಾಜ್ಯ, ಪಿನ್ ಕೋಡ್ ಇಷ್ಟೂ ಇರಲಿ. ಈ ಪಟ್ಟಿ ಮುಂದೆ ಪೇಪರಿನ ಪ್ರಕಟಣೆಗೆ ಅಡಿಪಾಯ ಎಂಬುದು ಈಗ ಕಾಣುವುದಿಲ್ಲ, ಆಮೇಲೆ ಕಾಣುತ್ತದೆ.

ಅರ್ಜಿಯ ಜೊತೆ ಪ್ರೋಸೆಸ್ ಫೀ ಕಟ್ಟಿದರೆ ಸಮನ್ಸ್ ಹೊರಡುತ್ತದೆ. ಒಂದು ದಾರಿ ಅಂಚೆಯದು. ಹಿಂದೆಲ್ಲ ರಿಜಿಸ್ಟರ್ಡ್ ಪೋಸ್ಟ್ ಅಕ್ನಾಲೆಜ್‌ಮೆಂಟ್ ಎನ್ನುತ್ತಿದ್ದೆವು. 2025ರಲ್ಲಿ ಅಂಚೆ ಇಲಾಖೆ ಅದನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿತು. ಇನ್ನೊಂದು ದಾರಿ ಅಮೀನರದು. ಚಾಮರಾಜನಗರ ಬೇರೆ ರಾಜ್ಯವಾದ್ದರಿಂದ ಸತ್ಯಮಂಗಲದ ಅಮೀನರು ಗಡಿ ದಾಟಿ ಹೋಗಿ ಬಾಗಿಲು ತಟ್ಟುವುದಿಲ್ಲ. ನಮ್ಮ ಕೋರ್ಟು ಸಮನ್ಸನ್ನು ಅಲ್ಲಿನ ಕೋರ್ಟಿಗೆ ಕಳಿಸುತ್ತದೆ, ಅಲ್ಲಿನ ಅಮೀನರು ಹೋಗುತ್ತಾರೆ, ವರದಿ ಬರೆದು ವಾಪಸ್ ಕಳಿಸುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಕಲಮು ಇದನ್ನೇ ಹೇಳುತ್ತದೆ. ಆ ವರದಿ ಕನ್ನಡದಲ್ಲಿದ್ದರೆ ಜೊತೆಗೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಬರಬೇಕು. ಕನ್ನಡದ ವರದಿ ಅನುವಾದವಿಲ್ಲದೆ ಬಂದು, ತಮಿಳು ಕೋರ್ಟಿನ ಕಡತದಲ್ಲಿ ಯಾರಿಗೂ ಓದಲು ಬಾರದೆ ಕೂತರೆ ಒಂದು ವಾಯಿದೆ ದಂಡ. ನಮ್ಮಂಥ ಎರಡು ಭಾಷೆ ಬಲ್ಲ ಊರಿನವರಿಗೆ ಇದು ತಮಾಷೆಯಾಗಿ ಕಾಣಬಹುದು, ಕಟಕಟೆಯಲ್ಲಿ ನಿಂತವರಿಗೆ ತಮಾಷೆ ಅಲ್ಲ.

ಅಮೀನರು ಅತ್ತೆ ಮನೆಗೆ ಹೋದರು ಎನ್ನಿ.

'ಅಮ್ಮಾ, ನಿಮ್ಮ ಮಗ ಎಲ್ಲಿ?'

'ಗೊತ್ತಿಲ್ಲ ಸ್ವಾಮಿ, ಊರಿಗೆ ಬಂದೇ ಎರಡು ವರ್ಷ ಆಯ್ತು.'

ಈಗ ಏನು ಮಾಡಬಹುದು? ಆತ ಅದೇ ಮನೆಯಲ್ಲಿ ವಾಸವಿದ್ದು, ಆ ಹೊತ್ತಿಗೆ ಇಲ್ಲದೆ, ಬೇಗ ಬರುವ ಸೂಚನೆಯೂ ಇಲ್ಲದಿದ್ದರೆ ಜೊತೆಯಲ್ಲಿ ವಾಸವಿರುವ ವಯಸ್ಕರ ಕೈಗೆ ಕೊಡಬಹುದು. ತಾಯಿಯಾದರೂ ಸರಿ, ತಮ್ಮನಾದರೂ ಸರಿ. ಆಳಿನ ಕೈಗೆ ಕೊಟ್ಟರೆ ನಡೆಯುವುದಿಲ್ಲ. ಆದರೆ ಇಲ್ಲಿ ಆತ ಎರಡು ವರ್ಷದಿಂದ ಆ ಮನೆಯಲ್ಲಿ ಇಲ್ಲ. ತಾಯಿಯ ಕೈಗೆ ಕೊಟ್ಟು 'ಜಾರಿಯಾಗಿದೆ' ಎಂದು ಬರೆಸಿಕೊಂಡರೆ ಇವತ್ತಿಗೆ ಸಲೀಸು, ನಾಳೆ ಆತ ಬಂದು 'ನಾನು ಅಲ್ಲಿ ವಾಸವೇ ಇರಲಿಲ್ಲ' ಎಂದರೆ ತೊಂದರೆ. ಬಾಗಿಲಿಗೆ ಅಂಟಿಸುವ ಕ್ರಮವೂ ಹಾಗೆಯೇ. ತೆಗೆದುಕೊಳ್ಳಲು ಒಪ್ಪದಿದ್ದರೆ ಅಥವಾ ಹುಡುಕಿದರೂ ಸಿಗದಿದ್ದರೆ ಆತ ಸಾಮಾನ್ಯವಾಗಿ ವಾಸಿಸುವ ಮನೆಯ ಹೊರಬಾಗಿಲಿಗೆ ಪ್ರತಿ ಅಂಟಿಸಿ, ಮನೆ ತೋರಿಸಿದವರು ಯಾರು, ಎದುರಿಗಿದ್ದವರು ಯಾರು ಎಂದು ಅಮೀನರು ಬರೆಯಬೇಕು. 'ಮನೆ ಬೀಗ, ವಾಪಸ್' ಎಂಬ ಮೂರು ಪದದ ವರದಿ ಯಾವುದಕ್ಕೂ ಸಾಲದು.

ಅಂಚೆಯ ಕವರಿನ ಮೇಲಿನ ಷರಾ ಓದಲು ಕಲಿಯಬೇಕು. 'ತೆಗೆದುಕೊಳ್ಳಲು ನಿರಾಕರಿಸಿದರು' ಎಂದಿದ್ದರೆ ಅದು ಜಾರಿಯಾದಂತೆಯೇ, ಕೋರ್ಟು ಹಾಗೆಂದು ಘೋಷಿಸಬಹುದು. 'ಬಿಟ್ಟು ಹೋಗಿದ್ದಾರೆ' ಎಂದಿದ್ದರೆ ಜಾರಿಯಾಗಿಲ್ಲ. ಸಮನ್ಸ್ ಜಾರಿಯಾಗದೆ ಬಂದಾಗ ಹೊಸ ಸಮನ್ಸಿಗೆ ಏಳು ದಿನದೊಳಗೆ ಕೇಳಬೇಕು ಎಂಬ ನಿಯಮವಿದೆ, ಸುಮ್ಮನಿದ್ದರೆ ಕೇಸೇ ವಜಾ ಆದೀತು. ಹೆಚ್ಚಿನ ಕಡೆ ಕೋರ್ಟು ಇನ್ನೊಂದು ತಾರೀಕು ಕೊಡುತ್ತದೆ ಎನ್ನುವುದು ಬೇರೆ ಮಾತು, ಅದನ್ನು ನಂಬಿ ಕೂರಬಾರದು.

ನಮ್ಮ ಹುಡುಗಿಯ ಕೇಸಿನಲ್ಲಿ ಪೀಣ್ಯದ ಕವರು 'ಬಿಟ್ಟು ಹೋಗಿದ್ದಾರೆ' ಎಂದು ಬಂತು. ಫ್ಯಾಕ್ಟರಿಯದು 'ಕೆಲಸದಲ್ಲಿಲ್ಲ' ಎಂದು ಬಂತು. ಅತ್ತೆ ಮನೆಯಿಂದ ಅಮೀನರ ವರದಿ ಬಂತು. ಈಗ, ಈಗ ಮಾತ್ರ, ಪೇಪರಿನ ಮಾತು ಎತ್ತಬಹುದು.

ಕಾನೂನಿನಲ್ಲಿ ಇದಕ್ಕೆ ಬದಲಿ ಜಾರಿ ಎಂದು ಹೆಸರು, ಸಂಹಿತೆಯ 5ನೇ ಆದೇಶದ 20ನೇ ನಿಯಮ. ಎದುರುಪಕ್ಷದವರು ಬೇಕೆಂದೇ ತಪ್ಪಿಸಿಕೊಂಡು ತಿರುಗುತ್ತಿದ್ದಾರೆ, ಇಲ್ಲವೇ ಬೇರೆ ಕಾರಣದಿಂದ ಮಾಮೂಲು ದಾರಿಯಲ್ಲಿ ಜಾರಿ ಸಾಧ್ಯವೇ ಇಲ್ಲ ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಅದಕ್ಕಾಗಿ ಒಂದು ಅರ್ಜಿ, ಜೊತೆಗೆ ಅಫಿಡವಿಟ್. ಅಫಿಡವಿಟ್‌ನಲ್ಲಿ 'ಹುಡುಕಿದೆ, ಸಿಗಲಿಲ್ಲ' ಎಂದು ಬರೆದರೆ ಸಾಲದು. ಯಾವ ತಿಂಗಳು ಯಾವ ಮನೆಗೆ ಹೋದೆ, ಮನೆ ಮಾಲೀಕರು ಏನೆಂದರು, ಫ್ಯಾಕ್ಟರಿಯಲ್ಲಿ ಏನೆಂದರು, ಕೊನೆಯ ಸಲ ಫೋನು ಹತ್ತಿದ್ದು ಯಾವಾಗ, ಪೊಲೀಸರಿಗೆ ಕಾಣೆಯಾದ ದೂರು ಕೊಟ್ಟಿದ್ದರೆ ಅದರ ನಂಬರು, ಇವೆಲ್ಲ ಬರಬೇಕು. ಕೋರ್ಟು ಒಪ್ಪಿದರೆ ಒಂದು ಪ್ರತಿಯನ್ನು ಕೋರ್ಟಿನ ಕಟ್ಟಡದಲ್ಲಿ ಎದ್ದು ಕಾಣುವ ಜಾಗದಲ್ಲೂ, ಇನ್ನೊಂದನ್ನು ಆತ ಕೊನೆಯದಾಗಿ ವಾಸವಿದ್ದ ಮನೆಯ ಮೇಲೂ ಅಂಟಿಸಲು ಹೇಳುತ್ತದೆ, ಅಥವಾ ಬೇರೆ ಸೂಕ್ತ ವಿಧಾನ ಸೂಚಿಸುತ್ತದೆ. ಪೇಪರಿನ ಪ್ರಕಟಣೆ ಅಂಥ ವಿಧಾನ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಸುಪ್ರೀಂ ಕೋರ್ಟು ಇಮೇಲ್, ವಾಟ್ಸಾಪ್ ಮೂಲಕವೂ ನೋಟಿಸ್ ಕಳಿಸಬಹುದೆಂದು ಹೇಳಿತ್ತು. ಈಗಲೂ ಫೋನ್ ನಂಬರ್ ಇದ್ದರೆ ಅದಕ್ಕೂ ಕಳಿಸಲು ಕೋರ್ಟಿನ ಅನುಮತಿ ಕೇಳಬಹುದು. ನಾವಾಗಿ ಕಳಿಸಿ ನೀಲಿ ಗೆರೆ ತೋರಿಸಿದರೆ ಅದನ್ನು ಸಮನ್ಸ್ ಜಾರಿ ಎನ್ನುವುದಿಲ್ಲ.

ಇನ್ನು ಪೇಪರು ಯಾವುದು? ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅರ್ಜಿದಾರರ ಊರಿನ ಪೇಪರು ಅಲ್ಲ, ಕೋರ್ಟಿರುವ ಊರಿನದ್ದೂ ಅಲ್ಲ. ಎದುರುಪಕ್ಷದವರು ಕೊನೆಯದಾಗಿ ನಿಜವಾಗಿ ವಾಸವಿದ್ದ, ವ್ಯಾಪಾರ ಮಾಡುತ್ತಿದ್ದ ಅಥವಾ ದುಡಿಯುತ್ತಿದ್ದ ಪ್ರದೇಶದಲ್ಲಿ ಚಲಾವಣೆಯಲ್ಲಿರುವ ದಿನಪತ್ರಿಕೆ ಎಂದು ನಿಯಮ ಹೇಳುತ್ತದೆ. ವಾರಪತ್ರಿಕೆ ನಡೆಯುವುದಿಲ್ಲ. ನಮ್ಮ ಉದಾಹರಣೆಯ ಗಂಡ ಕೊನೆಗೆ ಇದ್ದದ್ದು ಬೆಂಗಳೂರಿನಲ್ಲಿ. ಹಾಗಾಗಿ ಪ್ರಕಟಣೆ ಬೆಂಗಳೂರು ಆವೃತ್ತಿಯ ಕನ್ನಡ ದಿನಪತ್ರಿಕೆಯಲ್ಲಿ ಬರಬೇಕು. ತಂದೆ ತಾಯಿ ಇರುವುದರಿಂದ ಚಾಮರಾಜನಗರಕ್ಕೆ ಬರುವ ಮೈಸೂರು ಆವೃತ್ತಿಯಲ್ಲೂ ಹಾಕಿಸಲು ಕೇಳಿಕೊಂಡರೆ ಇನ್ನೂ ಗಟ್ಟಿ. ಆದರೆ ಕೇಸು ನಡೆಯುವುದು ತಮಿಳುನಾಡಿನಲ್ಲಿ ತಾನೇ ಎಂದು ರೂಢಿಯಂತೆ ತಮಿಳು ದಿನಪತ್ರಿಕೆಯ ಈರೋಡ್ ಆವೃತ್ತಿಯಲ್ಲಿ ಹಾಕಿಸಿ ಕಟಿಂಗ್ ಕೊಟ್ಟರೆ? ಚಾಮರಾಜನಗರದ ಹುಡುಗ ಬೆಂಗಳೂರಿನಲ್ಲಿ ಈರೋಡಿನ ತಮಿಳು ಪೇಪರು ಓದುವನೇ? ಆ ದಿನ ಯಾರೂ ಕೇಳದಿರಬಹುದು, ಡಿಕ್ರಿಯೂ ಆಗಿಬಿಡಬಹುದು. ಮುಂದೆ ಅದನ್ನು ಪ್ರಶ್ನಿಸುವ ವಕೀಲರು ಮೊದಲು ಬೆರಳಿಡುವುದು ಅಲ್ಲೇ. ವಕೀಲರ ಬಳಿ ಅರ್ಜಿಗೆ ಸಹಿ ಹಾಕುವಾಗಲೇ ಪತ್ರಿಕೆಯ ಹೆಸರು, ಆವೃತ್ತಿ ಎರಡನ್ನೂ ಕೇಳಿ ತಿಳಿದುಕೊಳ್ಳಿ.

ಆತ ಆ ಪೇಪರು ಓದಿದನೋ ಇಲ್ಲವೋ ಎಂದು ಸಾಬೀತು ಮಾಡಬೇಕಿಲ್ಲ. ಆ ಪ್ರದೇಶದಲ್ಲಿ ಚಲಾವಣೆ ಇದ್ದರೆ ಸಾಕು, ಚಂದಾದಾರನೇ ಆಗಿರಬೇಕು ಎಂದೇನಿಲ್ಲ ಎಂದು 2008ರಲ್ಲಿ ಒಂದು ಬ್ಯಾಂಕ್ ಸಾಲದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪ್ರಕಟಣೆಯಲ್ಲಿ ಕೋರ್ಟಿನ ಹೆಸರು, ಕೇಸಿನ ನಂಬರು, ಇಬ್ಬರ ಹೆಸರು, ವಿಳಾಸ, ಹಾಜರಾಗಬೇಕಾದ ತಾರೀಕು ಸರಿಯಾಗಿರಬೇಕು. ಹೆಸರಿನ ಒಂದು ಅಕ್ಷರ, ತಾರೀಕಿನ ಒಂದು ಅಂಕಿ ತಪ್ಪಿದರೂ ಮತ್ತೆ ಹಾಕಿಸುವ ಖರ್ಚು. ತಮಿಳಿನಿಂದ ಕನ್ನಡಕ್ಕೆ ಬರುವಾಗ ಹೆಸರು ಬದಲಾಗುವುದು ಮಾಮೂಲು. ತಮಿಳು ಲಿಪಿಯಲ್ಲಿ ಕ-ಗ, ತ-ದ ಒಂದೇ ಅಕ್ಷರವಾದ್ದರಿಂದ 'ಗಂಗಾಧರ' ಕನ್ನಡಕ್ಕೆ ಬರುವಷ್ಟರಲ್ಲಿ 'ಕಂಕಾತರ' ಆಗಿರುತ್ತಾನೆ. ಕರಡನ್ನು ನೀವೇ ಓದಿ ನೋಡಿ. ಪ್ರಕಟವಾದ ಮೇಲೆ ಕತ್ತರಿಸಿದ ತುಂಡು ಸಾಲದು, ಹೆಸರು, ದಿನಾಂಕ, ಆವೃತ್ತಿ ಕಾಣುವಂತೆ ಪೂರ್ತಿ ಪುಟ, ರಸೀದಿಯ ಜೊತೆ ಕೋರ್ಟಿಗೆ ಸಲ್ಲಿಸಬೇಕು.

ಖರ್ಚು ಅರ್ಜಿದಾರರದ್ದೇ. ಪತ್ರಿಕೆ, ಆವೃತ್ತಿ, ಜಾಗದ ಅಳತೆ ನೋಡಿ ದರ, ಬೆಂಗಳೂರು ಆವೃತ್ತಿ ಎಂದರೆ ಕೂಲಿ ಮಾಡುವವರಿಗೆ ಭಾರವೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು. ವಕೀಲರಷ್ಟೇ ಅಲ್ಲ, ಪ್ರೋಸೆಸ್ ಫೀ ಮುಂತಾದ ಕೋರ್ಟಿನ ಖರ್ಚನ್ನೂ ಅಲ್ಲಿ ಕೇಳಬಹುದು. ಸಹಾಯವಾಣಿ 15100.

ಪ್ರಕಟಣೆಯ ತಾರೀಕಿಗೆ ಆತ ಬಾರದಿದ್ದರೆ ಏಕಪಕ್ಷೀಯ ಎಂದು ಕೋರ್ಟು ದಾಖಲಿಸುತ್ತದೆ. ಅಲ್ಲಿಗೆ ಗೆದ್ದಂತಲ್ಲ. ಮದುವೆಯಾದದ್ದು, ಬಿಟ್ಟುಹೋದದ್ದು ಎಲ್ಲವನ್ನೂ ಸಾಕ್ಷ್ಯದಿಂದ ತೋರಿಸಲೇಬೇಕು. ಡಿಕ್ರಿ ಬಂದ ಮರುದಿನವೇ ಮರುಮದುವೆಗೆ ಹೊರಡುವಂತೆಯೂ ಇಲ್ಲ, ಅಪೀಲಿಗೆ 90 ದಿನ ಇದೆ.

ಈಗ ಕಥೆಗೆ ಇನ್ನೊಂದು ತಿರುವು. ಪ್ರಕಟಣೆಗೆ ಅರ್ಜಿ ಹಾಕುವ ಹೊತ್ತಿಗೆ ನಾದಿನಿಯ ಮದುವೆ ಫೋಟೋದಿಂದ ಗೊತ್ತಾಯಿತು, ಗಂಡ ಇರುವುದು ಶಾರ್ಜಾದಲ್ಲಿ. ಹೀಗಾದರೆ ಪೇಪರಿನ ಮಾತು ಬಿಡಬೇಕು. ವಿದೇಶದ ವಿಳಾಸ ಗೊತ್ತಿದ್ದೂ ಬೆಂಗಳೂರಿನ ಪೇಪರಿನಲ್ಲಿ ಹಾಕಿಸಿದರೆ ಅದು ಕೋರ್ಟಿಗೆ ಸತ್ಯ ಮುಚ್ಚಿಟ್ಟಂತೆ. ಮೊದಲು ಕೆಲಸದ ಕಂಪನಿಯ ಹೆಸರು, ಅದರ ಅಂಚೆ ಪೆಟ್ಟಿಗೆ ನಂಬರು ಹುಡುಕಬೇಕು. ಆ ದೇಶದಲ್ಲಿ ಮಾಮೂಲು ಅಂಚೆ ಮನೆಬಾಗಿಲಿಗಲ್ಲ, ಪೆಟ್ಟಿಗೆಗೆ ಹೋಗುತ್ತದೆ. ಶಾರ್ಜಾ ಇರುವ ಸಂಯುಕ್ತ ಅರಬ್ ಎಮಿರೇಟ್ಸ್ ಜೊತೆ ಭಾರತ 1999ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಸಿವಿಲ್ ಕೇಸಿನ ಸಮನ್ಸ್ ತಲುಪಿಸುವ ಏರ್ಪಾಡಿದೆ. ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಿಗೆ 1965ರ ಹೇಗ್ ಒಪ್ಪಂದ, ಅದು ಭಾರತಕ್ಕೆ 2007ರ ಆಗಸ್ಟ್ 1ರಿಂದ ಅನ್ವಯ. ಎರಡರಲ್ಲೂ ಸಮನ್ಸ್ ಕೋರ್ಟಿನಿಂದ ದೆಹಲಿಯ ಕಾನೂನು ಸಚಿವಾಲಯಕ್ಕೆ ಹೋಗಿ, ಅಲ್ಲಿಂದ ಆ ದೇಶದ ಅಧಿಕಾರಿಗಳಿಗೆ ಹೋಗುತ್ತದೆ. ತಮಿಳಿನ ಅರ್ಜಿ ಅಲ್ಲಿ ಓದುವವರಿಲ್ಲ, ಆ ದೇಶ ಒಪ್ಪುವ ಭಾಷೆಯ ಅನುವಾದ ಸೇರಿಸಬೇಕು.

ಇದು ನಿಧಾನದ ದಾರಿ. ಮುಂದಿನ ತಿಂಗಳ ತಾರೀಕು ಹಾಕಿದ ಸಮನ್ಸ್ ಅಲ್ಲಿಗೆ ತಲುಪುವಷ್ಟರಲ್ಲಿ ತಾರೀಕೇ ಕಳೆದಿರುತ್ತದೆ. ಕನಿಷ್ಠ ಆರು ತಿಂಗಳ ದೂರದ ತಾರೀಕು ಕೇಳಿಕೊಳ್ಳಿ. ಹೇಗ್ ಒಪ್ಪಂದದಲ್ಲೂ ಆರು ತಿಂಗಳ ಲೆಕ್ಕವೇ ಇದೆ. ಕಳಿಸಿ ಅಷ್ಟು ಕಾಲವಾಗಿ, ಪ್ರಯತ್ನಪಟ್ಟರೂ ಯಾವ ಪ್ರಮಾಣಪತ್ರವೂ ಬಾರದಿದ್ದರೆ ನ್ಯಾಯಾಧೀಶರು ಮುಂದುವರಿಯಲು ಅವಕಾಶವಿದೆ. ವಿಳಾಸವೇ ಗೊತ್ತಿಲ್ಲದವರಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. 'ದುಬೈ ಕಡೆ ಎಲ್ಲೋ ಇದ್ದಾನೆ' ಎಂಬಷ್ಟೇ ಸುದ್ದಿಯಿದ್ದರೆ, ವಿಚಾರಿಸಿದ್ದನ್ನೆಲ್ಲ ಅಫಿಡವಿಟ್‌ನಲ್ಲಿ ಬರೆದು ಮತ್ತೆ 20ನೇ ನಿಯಮದ ದಾರಿಗೇ ಬರಬೇಕು. ವಿದೇಶದ ಗಂಡಂದಿರ ಬಗ್ಗೆ ದೂರು ಕೇಳಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಎನ್‌ಆರ್‌ಐ ವಿಭಾಗವಿದೆ. ಕೋರ್ಟಿನ ಸಮನ್ಸ್ ಇರುವವರ ಪಾಸ್‌ಪೋರ್ಟ್ ಜಪ್ತಿ ಮಾಡಲು ಪಾಸ್‌ಪೋರ್ಟ್ ಕಾಯ್ದೆಯ 10ನೇ ಕಲಮಿನಲ್ಲಿ ಅಧಿಕಾರ ಇದೆಯಾದರೂ ಅದು ತಾನಾಗಿ ಆಗುವುದಲ್ಲ, ಪಾಸ್‌ಪೋರ್ಟ್ ಕಚೇರಿಗೆ ದಾಖಲೆ ಸಮೇತ ತಿಳಿಸಬೇಕು.

ಇಷ್ಟೊಂದು ರಗಳೆ ಯಾಕೆ, ಪೇಪರಿನಲ್ಲಿ ಹಾಕಿಸಿ ಮುಗಿಸಬಾರದೇ ಎನ್ನುವವರಿಗೆ ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋಗಿ 1996ರಲ್ಲಿ ತೀರ್ಮಾನವಾದ ಒಂದು ಪ್ರಕರಣ ಗೊತ್ತಿರಲಿ. ಗಂಡ ಏಕಪಕ್ಷೀಯವಾಗಿ ವಿಚ್ಛೇದನ ಪಡೆದಿದ್ದ. ಆಮೇಲೆ ತೀರಿಕೊಂಡ. ಅವನು ಸತ್ತ ಮೇಲೆ ಹೆಂಡತಿ ಬಂದು ಆ ಡಿಕ್ರಿ ರದ್ದು ಮಾಡಿ ಎಂದು ಕೇಳಿದಳು. ಗಂಡನೇ ಇಲ್ಲದ ಮೇಲೆ ಇನ್ನೇನು ಕೇಸು ಎಂದು ಎದುರುಪಕ್ಷದವರ ವಾದ. ಕೋರ್ಟು ಒಪ್ಪಲಿಲ್ಲ. ಆಕೆ ವಿಚ್ಛೇದಿತೆಯೋ ವಿಧವೆಯೋ ಎಂಬುದರ ಮೇಲೆ ಆಕೆಯ ಸ್ಥಾನಮಾನ, ಆಸ್ತಿಯ ಹಕ್ಕು ನಿಂತಿದೆ, ಆದ್ದರಿಂದ ಕೇಳಬಹುದು ಎಂದಿತು. ಬದಲಿ ಜಾರಿ ಎಂಬುದು ಕಟ್ಟಕಡೆಯ ದಾರಿಯಾಗಬೇಕು ಎಂದೂ ಹೇಳಿತು. 2018ರ ಇನ್ನೊಂದು ತೀರ್ಪಿನಲ್ಲೂ ಬದಲಿ ಜಾರಿ ಮಾಮೂಲು ನಿಯಮವಲ್ಲ, ಅಪವಾದ ಎಂದು ಹೇಳಿ ಏಕಪಕ್ಷೀಯ ಡಿಕ್ರಿಯನ್ನು ಪಕ್ಕಕ್ಕಿಟ್ಟಿದೆ.

ಇನ್ನು ಮೊದಲು ಹೇಳಿದ ಆ ತವರುಮನೆಯ ಹೆಣ್ಣುಮಗಳು ಏನು ಮಾಡಬೇಕು? ಡಿಕ್ರಿ ಆಗಿ ವರ್ಷವೇ ಕಳೆದಿದ್ದರೂ ಬಾಗಿಲು ಮುಚ್ಚಿಲ್ಲ. ಏಕಪಕ್ಷೀಯ ಡಿಕ್ರಿ ರದ್ದು ಮಾಡಲು ಅದೇ ಕೋರ್ಟಿಗೆ ಅರ್ಜಿ ಹಾಕಲು 30 ದಿನದ ಅವಧಿ ಇದೆ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಆ 30 ದಿನ ಎಣಿಸುವುದು ಡಿಕ್ರಿಯ ದಿನದಿಂದಲ್ಲ, ತಿಳಿದ ದಿನದಿಂದ. ಪೇಪರಿನ ಪ್ರಕಟಣೆಯಂಥ ಬದಲಿ ಜಾರಿಯನ್ನು ಈ ಲೆಕ್ಕಕ್ಕೆ ಸರಿಯಾದ ಜಾರಿ ಎಂದು ಹಿಡಿಯುವುದಿಲ್ಲ ಎಂದು ಕಾಲಮಿತಿ ಕಾಯ್ದೆಯ 123ನೇ ಅನುಚ್ಛೇದವೇ ಹೇಳುತ್ತದೆ. ಆದರೆ ವಾಯಿದೆ ಇರುವುದು ಮೊದಲೇ ತಿಳಿದಿದ್ದು, ಬರಲು ಸಮಯವೂ ಇದ್ದು ಸುಮ್ಮನಿದ್ದವರಿಗೆ ಜಾರಿಯಲ್ಲಿನ ಸಣ್ಣ ಲೋಪ ನೆರವಿಗೆ ಬರುವುದಿಲ್ಲ. ತಿಳಿದ ತಕ್ಷಣ ಡಿಕ್ರಿ, ಅಮೀನರ ವರದಿ, ವಾಪಸ್ ಬಂದ ಕವರು, ಪ್ರಕಟಣೆಯ ಪುಟ, ಬದಲಿ ಜಾರಿಗೆ ಗಂಡ ಹಾಕಿದ ಅಫಿಡವಿಟ್, ಇವುಗಳ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಆ ಅಫಿಡವಿಟ್‌ನಲ್ಲಿ 'ಹೆಂಡತಿ ಎಲ್ಲಿದ್ದಾಳೋ ಗೊತ್ತಿಲ್ಲ' ಎಂದು ಬರೆದಿದ್ದು, ಅದೇ ತಿಂಗಳು ಆತ ತವರಿಗೆ ಫೋನು ಮಾಡಿದ್ದರೆ, ಮಗುವಿನ ಶಾಲೆಗೆ ದುಡ್ಡು ಕಳಿಸಿದ್ದರೆ, ಅದರ ದಾಖಲೆ ತೆಗೆದಿಟ್ಟುಕೊಳ್ಳಿ.

ಅನುಮಾನ ಇರುವವರು ಕಾಯುತ್ತ ಕೂರಬೇಕಿಲ್ಲ. services.ecourts.gov.in ತಾಣದಲ್ಲಿ ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ ಹೆಸರು ಮತ್ತು ವರ್ಷ ಕೊಟ್ಟರೆ ತಮ್ಮ ಮೇಲೆ ಕೇಸು ಇದೆಯೇ ಎಂದು ನೋಡಬಹುದು. ಈರೋಡ್ ಒಂದನ್ನೇ ನೋಡಬೇಡಿ, ಗಂಡನೋ ಹೆಂಡತಿಯೋ ಇದ್ದ ಕಡೆ, ಮದುವೆಯಾದ ಕಡೆ, ಒಟ್ಟಿಗೆ ಸಂಸಾರ ಮಾಡಿದ ಕಡೆ, ಮೂರೂ ಜಿಲ್ಲೆಗಳಲ್ಲಿ ಹುಡುಕಿ. ಇಂಗ್ಲಿಷ್ ಕಾಗುಣಿತ ಎರಡು ಮೂರು ರೀತಿ ಹಾಕಿ ನೋಡಿ, ಕಂಕಾತರನ ಕಥೆ ಅಲ್ಲೂ ಇದ್ದದ್ದೇ.